ಚಿತ್ರ ಕದಲುವ ಮೊದಲೇ ಓಟದ ಪರೀಕ್ಷೆ

ಅನಿಮೇಷನ್‌ನಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಆರು ಸೆಕೆಂಡಿನ ದೃಶ್ಯವನ್ನು ಪೂರ್ತಿ ಬಿಡಿಸಿ ಆಮೇಲೆ ಬೇಡವೆಂದು ಕತ್ತರಿಸಿದರೆ 72 ಚಿತ್ರಗಳು ಕಸದ ಬುಟ್ಟಿಗೆ ಹೋಗುತ್ತವೆ. ಅದಕ್ಕೇ ಮೊದಲು ಅನಿಮ್ಯಾಟಿಕ್ ಮಾಡುತ್ತಾರೆ. ಸ್ಟೋರಿಬೋರ್ಡಿನ ಒರಟು ಚಿತ್ರಗಳನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸಾಲಾಗಿ ಜೋಡಿಸಿ, ತಾತ್ಕಾಲಿಕ ಧ್ವನಿ ಸೇರಿಸಿ, ಸಿನಿಮಾದಂತೆ ಓಡಿಸಿ ನೋಡುವುದು.

ಒಂದು ದೃಶ್ಯ ಕಟ್ಟೋಣ. ರಾತ್ರಿ ಹುಡುಗನೊಬ್ಬ ಉಪ್ಪಿನಕಾಯಿ ಭರಣಿಗೆ ಕೈಹಾಕಲು ಅಡುಗೆಮನೆಗೆ ನುಸುಳುತ್ತಾನೆ. ಪಕ್ಕದ ಕೋಣೆಯಲ್ಲಿ ಅಜ್ಜಿ ಕೆಮ್ಮುತ್ತಾಳೆ. ಹುಡುಗ ಕಲ್ಲಾಗುತ್ತಾನೆ. ಒಟ್ಟು ಹನ್ನೆರಡು ಚಿತ್ರ.

ಚಿತ್ರ ಜೋಡಿಸುವುದಕ್ಕಿಂತ ಮುಂಚೆ ಧ್ವನಿ ಸಿದ್ಧವಾಗಲಿ. ತಂಡದವರೇ ಮೊಬೈಲಿನಲ್ಲಿ ಮಾತು, ಕೆಮ್ಮು, ಮುಚ್ಚಳದ ಸದ್ದು ರೆಕಾರ್ಡ್ ಮಾಡಿದರೆ ಸಾಕು. ದನಿ ಚೆನ್ನಾಗಿರಬೇಕಿಲ್ಲ, ಆದರೆ ಓದಿ ಒಪ್ಪಿಸದೆ ನಟಿಸಿರಬೇಕು. ಸಪ್ಪೆಯಾಗಿ ಓದಿದ ಮಾತು ಬೇಗ ಮುಗಿಯುತ್ತದೆ. ಮುಂದೆ ನಿಜವಾದ ಕಲಾವಿದರು ಉಸಿರು ತೆಗೆದುಕೊಂಡು ಮಾತಾಡಿದಾಗ ಅಳತೆಯೆಲ್ಲ ತಪ್ಪುತ್ತದೆ. ಕೆಲವೊಮ್ಮೆ ತಾತ್ಕಾಲಿಕ ದನಿಯೇ ಉಳಿದುಬಿಡುವುದೂ ಉಂಟು. ಪಿಕ್ಸಾರ್‌ನ ‘ದಿ ಇನ್‌ಕ್ರೆಡಿಬಲ್ಸ್’ (2004) ಚಿತ್ರದ ಎಡ್ನಾ ಮೋಡ್ ಪಾತ್ರಕ್ಕೆ ಕೊನೆಗೂ ಉಳಿದದ್ದು ನಿರ್ದೇಶಕ ಬ್ರಾಡ್ ಬರ್ಡ್ ಅವರದೇ ದನಿ.

ಈಗ ಚಿತ್ರಗಳಿಗೆ ಸಮಯ ಹಂಚಬೇಕು. ಪ್ರತಿ ಚಿತ್ರಕ್ಕೂ ಮೂರು ಸೆಕೆಂಡ್ ಎಂದು ಸಮನಾಗಿ ಹಂಚಿದರೆ ದೃಶ್ಯ ಸತ್ತಂತಿರುತ್ತದೆ. ಕೆಮ್ಮಿನ ನಂತರದ ಮೌನವನ್ನು ಒಂದು ಸೆಕೆಂಡ್ ಇಟ್ಟು ನೋಡಿ, ಆಮೇಲೆ ಎರಡೂವರೆ ಇಟ್ಟು ನೋಡಿ. ಮೊದಲನೆಯದರಲ್ಲಿ ಹುಡುಗ ಬರೀ ಬೆಚ್ಚಿದ; ಎರಡನೆಯದರಲ್ಲಿ ಅಜ್ಜಿ ಎದ್ದಳೋ ಎಂದು ನಾವೂ ಕಿವಿಗೊಡುತ್ತೇವೆ.

ಎಲ್ಲರೂ ಎಡವುವುದು ಒಂದೇ ಕಡೆ. ಕದಲದ ಚಿತ್ರವನ್ನು ದಿಟ್ಟಿಸುವಾಗ ನಾಲ್ಕು ಸೆಕೆಂಡೂ ಯುಗದಂತೆ ತೋರುತ್ತದೆ. ಬೇಸರವಾಗಿ ಎರಡಕ್ಕೆ ಇಳಿಸುತ್ತೇವೆ. ಆಮೇಲೆ ಅನಿಮೇಟರ್‌ಗೆ ಹುಡುಗನನ್ನು ಬಾಗಿಲಿಂದ ಭರಣಿಯವರೆಗೆ ನಡೆಸಲು ಜಾಗವೇ ಇರುವುದಿಲ್ಲ. ಸಾಮಾನ್ಯ ನಡಿಗೆಯ ಒಂದು ಹೆಜ್ಜೆಗೆ ಸುಮಾರು 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್ ಬೇಕು; ಕಳ್ಳಹೆಜ್ಜೆಗೆ ಅದರ ಎರಡರಷ್ಟು. ಎಂಟು ಕಳ್ಳಹೆಜ್ಜೆಗೆ ಎಂಟು ಸೆಕೆಂಡ್. ಅನುಮಾನ ಬಂದರೆ ಸ್ಟಾಪ್‌ವಾಚ್ ಹಿಡಿದು ನೀವೇ ನಡೆದು ನೋಡಿ. ಎಂಟು ಸೆಕೆಂಡ್ ಉದ್ದವೆನಿಸಿದರೆ ನಡುವೆ ಇನ್ನೆರಡು ಭಂಗಿ ಬಿಡಿಸಿ ಸೇರಿಸಿ. ಆಗಲೂ ಎಳೆದಂತಿದ್ದರೆ ಹೆಜ್ಜೆಗಳನ್ನೇ ಕಡಿಮೆ ಮಾಡಿ, ಹೆಜ್ಜೆಗೆ ಬೇಕಾದ ಕಾಲವನ್ನಲ್ಲ.

ಸಂಗೀತ ಇನ್ನೊಂದು ಮೋಸ. ಬೇರೆ ಸಿನಿಮಾದ ಒಳ್ಳೆಯ ಹಿನ್ನೆಲೆ ಸಂಗೀತ ಹಾಕಿದರೆ ಎಂಥ ಜಾಳು ದೃಶ್ಯವೂ ಬಿಗಿಯಾಗಿ ಕಾಣುತ್ತದೆ. ಆದ್ದರಿಂದ ಮೊದಲು ಮಾತು ಮತ್ತು ಸದ್ದಿನಲ್ಲಷ್ಟೇ ನೋಡಿ. ಸಂಗೀತ ಆಮೇಲೆ ಬರಲಿ.

ಕೊನೆಗೆ ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ತೋರಿಸಿ. ನೀವು ಪರದೆ ಬಿಟ್ಟು ಅವರ ಮುಖ ನೋಡಿ. ಅವರ ಕಣ್ಣು ಅತ್ತಿತ್ತ ಹೊರಳಿದ ಜಾಗವನ್ನು ಗುರುತು ಹಾಕಿಕೊಳ್ಳಿ. ಅದನ್ನು ಸರಿಪಡಿಸುವವರೆಗೆ ಆ ದೃಶ್ಯವನ್ನು ಅನಿಮೇಟರ್ ಕೈಗೆ ಕೊಡಬೇಡಿ.