ಹೊಗೆಗೆ ದಾರಿ ಬಿಡದ ಬಾಗಿಲು

ಅಪಾರ್ಟ್‌ಮೆಂಟ್‌ಗಳಲ್ಲಿ ಬೆಂಕಿ ಅವಘಡದ ಅಣಕು ಪ್ರದರ್ಶನಕ್ಕೆ ಮುನ್ನ ನಿವಾಸಿಗಳಿಗೆ ಕೊಡುವ ತಿಳಿವಳಿಕೆಯಲ್ಲಿ ಹೆಚ್ಚಿನದು ಹೊಗೆಗೆ ಸಂಬಂಧಿಸಿದ್ದು. ಕಟ್ಟಡದ ಬೆಂಕಿಯಲ್ಲಿ ಪ್ರಾಣ ಕಳೆದುಕೊಳ್ಳುವ ಅನೇಕರಿಗೆ ಜ್ವಾಲೆ ತಾಕಿರುವುದೇ ಇಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಸೇರಿ ಆಮ್ಲಜನಕದ ಸಾಗಾಟವನ್ನು ತಡೆಯುತ್ತದೆ. ಮೊದಲು ತಲೆ ಸುತ್ತು, ಗೊಂದಲ, ಆಮೇಲೆ ಪ್ರಜ್ಞೆಯೇ ಇಲ್ಲ. ಬಿಸಿ ಹೊಗೆ ಮೇಲಕ್ಕೇ ಏರುವುದರಿಂದ ಲಿಫ್ಟ್ ಗುಂಡಿ, ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟ್, ತೆರೆದ ಮೆಟ್ಟಿಲು ಎಲ್ಲವೂ ಅದಕ್ಕೆ ಚಿಮಣಿಗಳಾಗುತ್ತವೆ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದು ಇದೇ. ಅದು ಕಚೇರಿಗಳ ಕಟ್ಟಡ. ವಿದ್ಯುತ್ ಡಕ್ಟ್‌ನಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರು ಸಿಗದೆ ಕೆಲವರು ಕಿಟಕಿಗಳಿಂದ ಕೆಳಗೆ ಜಿಗಿದರು. ಆ ದಿನ ಒಂಬತ್ತು ಜನ ಸತ್ತರು.

ಆದ್ದರಿಂದ ಹೊರದಾರಿ ಎಂದರೆ ಬರೀ ಮೆಟ್ಟಿಲಲ್ಲ, ಹೊಗೆ ಸೇರದ ಮೆಟ್ಟಿಲು. ಎತ್ತರದ ಕಟ್ಟಡಗಳಲ್ಲಿ ಲಾಬಿ ಮತ್ತು ಮೆಟ್ಟಿಲಿನ ನಡುವೆ ಇರುವ ಭಾರವಾದ ಬಾಗಿಲು ಬೆಂಕಿ ತಡೆಯುವಂಥದು, ತಾನಾಗಿ ಮುಚ್ಚಿಕೊಳ್ಳುವಂಥದು. ಗಾಳಿ ಬರಲಿ ಎಂದು ಅದಕ್ಕೆ ಹೂಕುಂಡವನ್ನೋ ಇಟ್ಟಿಗೆಯನ್ನೋ ಅಡ್ಡ ಇಟ್ಟರೆ ಅದರ ಕೆಲಸ ಅಲ್ಲಿಗೇ ಮುಗಿಯಿತು. ಮೆಟ್ಟಿಲ ಮೇಲೆ ಚಪ್ಪಲಿ ಗೂಡು, ಸೈಕಲ್, ಹಳೆಯ ಸೋಫಾ ಇಡುವುದೂ ಅಷ್ಟೇ ಅಪಾಯ. ಹೊಗೆಯ ಕತ್ತಲಲ್ಲಿ ಇಳಿಯುವವರಿಗೆ ಅವು ಕಾಣುವುದಿಲ್ಲ.

ಎರಡು ಮೆಟ್ಟಿಲುಗಳಿರುವ ಹನ್ನೆರಡು ಮಹಡಿಯ ಕಟ್ಟಡವೊಂದನ್ನು ಊಹಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಐದನೇ ಮಹಡಿಯ ಅಡುಗೆಮನೆಯಲ್ಲಿ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದೆ. ಅದಕ್ಕೆ ನೀರು ಹಾಕಲೇಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಕೈಗೆ ಎಟುಕುವಂತಿದ್ದರೆ ಒಲೆ ಆರಿಸಿ ಬಾಣಲೆಯನ್ನು ಮುಚ್ಚಳದಿಂದ ಮುಚ್ಚಬೇಕು. ಬೆಂಕಿ ಅಷ್ಟಕ್ಕೂ ಬಗ್ಗದಿದ್ದರೆ ಮನೆಯವರೆಲ್ಲ ಹೊರಬಂದು, ಮುಂಬಾಗಿಲನ್ನು ಬೀಗ ಹಾಕದೆ ಮುಚ್ಚಿ, ಲಾಬಿಯ ಗೋಡೆಯಲ್ಲಿರುವ ಕೆಂಪು ಅಲಾರಂ ಪೆಟ್ಟಿಗೆಯನ್ನು ಒತ್ತಿ, 101 ಅಥವಾ 112ಕ್ಕೆ ಕರೆ ಮಾಡಬೇಕು. ಗಾಬರಿಯಲ್ಲಿ ಮುಂಬಾಗಿಲನ್ನು ತೆರೆದೇ ಬಿಟ್ಟು ಓಡಿದರೆ ಲಾಬಿ ಹೊಗೆಯಿಂದ ತುಂಬುತ್ತದೆ. ಮೆಟ್ಟಿಲ ಬಾಗಿಲಿಗೂ ಹೂಕುಂಡ ಅಡ್ಡವಿದ್ದರೆ ಒಂದು ಮೆಟ್ಟಿಲು ಮೇಲಿನ ಏಳೂ ಮಹಡಿಯವರ ಕೈತಪ್ಪುತ್ತದೆ.

ಎಂಟನೇ ಮಹಡಿಯವರಿಗೆ ಆಗ ಅಲಾರಂ ಮಾತ್ರ ಕೇಳಿಸುತ್ತಿರುತ್ತದೆ. ಅವರು ಮುಂಬಾಗಿಲನ್ನು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಬೇಕು. ತಣ್ಣಗಿದ್ದರೆ ಸ್ವಲ್ಪವೇ ತೆರೆದು ನೋಡಿ, ಹೊಗೆಯಿಲ್ಲದ ಮೆಟ್ಟಿಲಿನಿಂದ ಇಳಿಯಬೇಕು. ಬಾಗಿಲು ಬಿಸಿಯಾಗಿದ್ದರೆ, ಇಲ್ಲವೇ ಎರಡೂ ಮೆಟ್ಟಿಲಲ್ಲಿ ಹೊಗೆ ಇದ್ದರೆ, ಮನೆಯೊಳಗೆ ಉಳಿಯುವುದೇ ಸರಿ. ಬಾಗಿಲು ಮುಚ್ಚಿ, ಅದರ ಸಂದಿಗೆ ಒದ್ದೆ ಬಟ್ಟೆ ತುರುಕಿ, ಬೆಂಕಿಯಿಂದ ದೂರದ ಬಾಲ್ಕನಿಗೋ ಕಿಟಕಿಗೋ ಹೋಗಿ, ಫೋನಿನಲ್ಲಿ ಮಹಡಿ ಮತ್ತು ಮನೆ ಸಂಖ್ಯೆ ತಿಳಿಸಿ, ಬಟ್ಟೆ ಬೀಸಿ ಗುರುತು ಕೊಡಬೇಕು. ಹೊಗೆಯ ನಡುವೆಯೇ ಮೆಟ್ಟಿಲಿಳಿಯುವ ಸಾಹಸಕ್ಕಿಂತ ಇದು ಎಷ್ಟೋ ಸುರಕ್ಷಿತ.

ಲಿಫ್ಟ್ ಹತ್ತಲೇಬಾರದು. ವಿದ್ಯುತ್ ಕಡಿತವಾದರೆ ಅದು ನಡುವೆ ನಿಲ್ಲುತ್ತದೆ, ಲಿಫ್ಟ್ ಗುಂಡಿಗೆ ಹೊಗೆ ನುಗ್ಗುತ್ತದೆ. ಫೈರ್ ಲಿಫ್ಟ್ ಎಂದು ಬರೆದಿರುವುದು ಅಗ್ನಿಶಾಮಕ ಸಿಬ್ಬಂದಿಗೆ ಮೀಸಲು. ನೆಲಮಾಳಿಗೆಗೆ ಕಾರು ತೆಗೆಯಲು ಹೋಗುವುದು, ಒಡವೆ, ಕಾಗದಪತ್ರ ಹುಡುಕುತ್ತ ನಿಲ್ಲುವುದು, ಹೊರಬಂದ ಮೇಲೆ ಮತ್ತೆ ಒಳಗೆ ಓಡುವುದು, ಇವೂ ಜೀವ ತೆಗೆಯುವ ತಪ್ಪುಗಳೇ. ತಾರಸಿಗೆ ಓಡುವುದೂ ಸಲ್ಲದು: ಹೊಗೆ ಏರುವ ದಿಕ್ಕು ಅದು, ಅಲ್ಲಿನ ಬಾಗಿಲಿಗೆ ಬೀಗ ಬಿದ್ದಿರುವುದೂ ಉಂಟು. ಮೆಟ್ಟಿಲಿಳಿಯಲಾಗದ ಹಿರಿಯರು, ಗಾಲಿಕುರ್ಚಿಯವರು ಯಾವ ಮನೆಯಲ್ಲಿದ್ದಾರೆ, ಅವರಿಗೆ ಯಾರು ನೆರವಾಗುತ್ತಾರೆ ಎಂಬುದು ಮೊದಲೇ ಗೊತ್ತಾಗಿರಬೇಕು. ರೆಫ್ಯೂಜ್ ಪ್ರದೇಶ ಇರುವ ಕಟ್ಟಡದಲ್ಲಿ ಅವರನ್ನು ಅಲ್ಲಿಗೆ ಕರೆತಂದು, ವಿಷಯವನ್ನು ಅಗ್ನಿಶಾಮಕದವರಿಗೆ ತಿಳಿಸುವುದು ವಾಡಿಕೆ.

ಸೇರುವ ಜಾಗವನ್ನು ಕಟ್ಟಡದಿಂದ ಸಾಕಷ್ಟು ದೂರದಲ್ಲಿ ಗೊತ್ತುಮಾಡುತ್ತಾರೆ, ಏಕೆಂದರೆ ಬಿಸಿಗೆ ಒಡೆದ ಕಿಟಕಿ ಗಾಜು ಮೇಲಿನಿಂದ ಉದುರುತ್ತದೆ. ಗೇಟಿನ ಬಳಿ ಗುಂಪುಗೂಡುವುದು ದೊಡ್ಡ ತಪ್ಪು. ಅಗ್ನಿಶಾಮಕ ವಾಹನ ಒಳಬಂದು ಕಟ್ಟಡದ ಸುತ್ತ ತಿರುಗುವ ದಾರಿಯನ್ನೇ ಆ ಜನ ತಡೆಯುತ್ತಾರೆ. ಎಷ್ಟೋ ಕಡೆ ಆ ದಾರಿ ಅತಿಥಿಗಳ ಕಾರುಗಳಿಂದ ಮುಚ್ಚಿಹೋಗಿರುತ್ತದೆ. ಬೇರೆ ಬೇರೆ ಮೆಟ್ಟಿಲಿಂದ ಇಳಿದ ತಂದೆತಾಯಿ, ಮಕ್ಕಳು ಒಬ್ಬರನ್ನೊಬ್ಬರು ಕಟ್ಟಡದೊಳಗೆ ಹುಡುಕದೆ ಸೇರುವ ಜಾಗದಲ್ಲೇ ಕೂಡಿಕೊಳ್ಳಬೇಕು. ಅಲ್ಲಿ ಪ್ರತಿ ಮಹಡಿಯ ಜವಾಬ್ದಾರಿ ಹೊತ್ತವರು ಮನೆವಾರು ಪಟ್ಟಿ ಹಿಡಿದು ಎಣಿಸುತ್ತಾರೆ. ಆ ಹೊತ್ತಿಗೆ ಮನೆಯಲ್ಲಿದ್ದ ಕೆಲಸದವರು, ನೆಂಟರು, ಡೆಲಿವರಿಗೆ ಬಂದ ಹುಡುಗ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಅವರನ್ನು ಕೇಳಿ ತಿಳಿದೇ ಸೇರಿಸಿಕೊಳ್ಳಬೇಕು. ಯಾರಾದರೂ ಕಾಣದಿದ್ದರೆ ಹೆಸರು, ಮನೆ ಸಂಖ್ಯೆ, ಕೊನೆಯ ಸಲ ಕಂಡ ಜಾಗವನ್ನು ಅಗ್ನಿಶಾಮಕ ಅಧಿಕಾರಿಗೆ ಹೇಳಬೇಕು. ಹುಡುಕಲು ಒಳಗೆ ಹೋಗುವುದು ಅವರ ಕೆಲಸ. ಅಲಾರಂ ನಿಂತಿತೆಂದು ಮನೆಗೆ ಮರಳುವಂತಿಲ್ಲ. ಆ ಅಧಿಕಾರಿಯ ಒಪ್ಪಿಗೆ ಬರುವ ತನಕ ಎಲ್ಲರೂ ಅಲ್ಲೇ ಕಾಯಬೇಕು.