ಬಾಗಿದಷ್ಟೇ ತೂಕ

ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆ ತೆಗೆದು ಮುಚ್ಚಳ ಬಿಚ್ಚಿದರೆ ಒಳಗೆ ಬೆರಳುದ್ದದ ಒಂದು ಅಲ್ಯೂಮಿನಿಯಂ ಪಟ್ಟಿ ಕಾಣುತ್ತದೆ. ಅದರ ಒಂದು ತುದಿ ತಳಕ್ಕೆ ಬೋಲ್ಟಿನಿಂದ ಬಿಗಿದಿರುತ್ತದೆ. ಇನ್ನೊಂದು ತುದಿ ಆಧಾರವಿಲ್ಲದೆ ಚಾಚಿಕೊಂಡು ತಟ್ಟೆಯನ್ನು ಹೊತ್ತಿರುತ್ತದೆ. ಇದೇ ಲೋಡ್ ಸೆಲ್. ಸಕ್ಕರೆ ಎಷ್ಟು ತೂಗುತ್ತದೆ ಎಂಬುದು ಇದಕ್ಕೆ ತಿಳಿಯದು. ತಾನು ಎಷ್ಟು ಬಾಗಿದೆ ಎಂಬುದಷ್ಟೇ ತಿಳಿದೀತು.

ಮೊದಲು ತೂತಿಲ್ಲದ ಸಾದಾ ಪಟ್ಟಿಯನ್ನೇ ತೆಗೆದುಕೊಳ್ಳೋಣ. ತುದಿಯಲ್ಲಿ ಭಾರ ಬಿದ್ದರೆ ಪಟ್ಟಿಯ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ. ಬಿಗಿದ ತುದಿಯ ಹತ್ತಿರ ಇದು ಅತಿ ಹೆಚ್ಚು. ಅಲ್ಲಿ ಮೇಲೆ ಎರಡು, ಕೆಳಗೆ ಎರಡು ಸ್ಟ್ರೇನ್ ಗೇಜ್‌ಗಳನ್ನು ಅಂಟಿಸುತ್ತಾರೆ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾವಿನಂತೆ ಹಿಂದೆ ಮುಂದೆ ಓಡುವ ಲೋಹದ ಗೆರೆಯೇ ಗೇಜ್. ಪಟ್ಟಿಯ ಜೊತೆಗೆ ಗೆರೆಯೂ ಹಿಗ್ಗಿದರೆ ಅದರ ರೋಧ ಏರುತ್ತದೆ, ಕುಗ್ಗಿದರೆ ಇಳಿಯುತ್ತದೆ.

ಎಷ್ಟು ಏರುತ್ತದೆ? ಪಟ್ಟಿ 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪ ಇರಲಿ. ಗೇಜಿನಿಂದ 10 ಸೆಂ.ಮೀ. ದೂರದಲ್ಲಿ 5 ಕೆ.ಜಿ. ಸಕ್ಕರೆ ಇಟ್ಟೆವು ಎನ್ನೋಣ. ಬಾಗುವಿಕೆಯ ಸೂತ್ರ ಇದು:

ε = 6FL / (E b h²)

F ಎಂದರೆ ಭಾರ, L ದೂರ, E ಲೋಹದ ಗಡಸುತನ, b ಅಗಲ, h ದಪ್ಪ. ಲೆಕ್ಕ ಹಾಕಿದರೆ ಹಿಗ್ಗುವಿಕೆ ಹತ್ತು ಲಕ್ಷಕ್ಕೆ ಸುಮಾರು 467 ಭಾಗ. ಲೋಹದ ಗೇಜಿನ ರೋಧ ಹಿಗ್ಗುವಿಕೆಯ ಸುಮಾರು ಎರಡರಷ್ಟು ಪ್ರಮಾಣದಲ್ಲಿ ಬದಲಾಗುತ್ತದೆ. ಅಂದರೆ 350 ಓಮ್‌ನ ಗೇಜಿನಲ್ಲಿ ಬದಲಾವಣೆ ಓಮ್‌ನ ಮೂರನೇ ಒಂದು ಭಾಗ! ಸಾಮಾನ್ಯ ಮಲ್ಟಿಮೀಟರಿಗೆ ಇದು ಕಂಡೂ ಕಾಣದ ಹಾಗಿರುತ್ತದೆ. ಸಾಲದ್ದಕ್ಕೆ, ಹತ್ತು ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ತಾನಾಗಿಯೇ ಹತ್ತು ಲಕ್ಷಕ್ಕೆ 230 ಭಾಗ ಹಿಗ್ಗುತ್ತದೆ. ಮಧ್ಯಾಹ್ನದ ಸೆಕೆಯೂ ಸಕ್ಕರೆಯೂ ಒಂದೇ ಭಾಷೆಯಲ್ಲಿ ಮಾತಾಡಿದರೆ ಗಿರಾಕಿಯ ಗತಿಯೇನು?

ಇದಕ್ಕೆ ಪರಿಹಾರ ವೀಟ್‌ಸ್ಟನ್ ಬ್ರಿಡ್ಜ್. ನಾಲ್ಕು ಗೇಜ್‌ಗಳನ್ನು ಎರಡೆರಡರಂತೆ ಎರಡು ಸರಪಳಿ ಮಾಡಿ, ಎರಡಕ್ಕೂ 5 ವೋಲ್ಟ್ ಕೊಡುತ್ತಾರೆ. ಭಾರವಿಲ್ಲದಾಗ ಎರಡರ ನಡುಬಿಂದುವಿನಲ್ಲೂ ಎರಡೂವರೆ ವೋಲ್ಟ್ ಇರುತ್ತದೆ, ವ್ಯತ್ಯಾಸ ಸೊನ್ನೆ. ಪ್ರತಿ ಸರಪಳಿಯಲ್ಲೂ ಹಿಗ್ಗುವ ಗೇಜ್ ಒಂದು, ಕುಗ್ಗುವ ಗೇಜ್ ಒಂದು ಇರಬೇಕು, ಎರಡು ಸರಪಳಿಗಳಲ್ಲಿ ಅವುಗಳ ಕ್ರಮ ತಲೆಕೆಳಗಾಗಿರಬೇಕು. ಆಗ ಭಾರ ಬಿದ್ದೊಡನೆ ಒಂದು ನಡುಬಿಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ನಮ್ಮ 5 ಕೆ.ಜಿ.ಗೆ ಸಿಗುವ ವ್ಯತ್ಯಾಸ ಸುಮಾರು 4.7 ಮಿಲಿವೋಲ್ಟ್. ಸೆಕೆಗೆ ನಾಲ್ಕೂ ಗೇಜ್‌ಗಳು ಒಟ್ಟಿಗೆ ಹಿಗ್ಗುವುದರಿಂದ ಯಾವ ನಡುಬಿಂದುವೂ ಅಲುಗುವುದಿಲ್ಲ. ಮೇಲಿನ ಎರಡನ್ನೂ ಅಪ್ಪಿತಪ್ಪಿ ಒಂದೇ ಸರಪಳಿಗೆ ಸೇರಿಸಿದರೆ ಮಾತ್ರ ಎಷ್ಟು ಭಾರ ಹೇರಿದರೂ ಉತ್ತರ ಸೊನ್ನೆ.

ಇಷ್ಟಾದರೂ ಸಾದಾ ಪಟ್ಟಿ ಅಂಗಡಿಗೆ ನಾಲಾಯಕ್ಕು. ಸೂತ್ರದಲ್ಲಿ ಆ L ಕೂತಿದೆಯಲ್ಲ! ಸಕ್ಕರೆ ಪೊಟ್ಟಣ ಒಂದು ಸೆಂ.ಮೀ. ಆಚೆ ಜರುಗಿದರೆ 5 ಕೆ.ಜಿ. ಐದೂವರೆ ಎಂದು ತೋರಿಸುತ್ತದೆ. ನಿಜವಾದ ತಕ್ಕಡಿಯ ಪಟ್ಟಿಯ ನಡುವೆ ಡಂಬೆಲ್ ಆಕಾರದ ತೂತು ಇರುವುದು ಇದಕ್ಕಾಗಿ. ತೂತಿನ ಮೇಲೆ ಕೆಳಗೆ ನಾಲ್ಕು ಕಡೆ ಲೋಹ ತೆಳ್ಳಗಾಗಿರುತ್ತದೆ, ಗೇಜ್‌ಗಳು ಅಲ್ಲೇ ಕೂರುತ್ತವೆ. ಭಾರ ಬಿದ್ದಾಗ ಇಂಥ ಪಟ್ಟಿ S ಅಕ್ಷರದಂತೆ ಬಾಗುತ್ತದೆ. ಹೀಗಾಗಿ ಮೇಲಿನ ಎರಡು ಗೇಜ್‌ಗಳಲ್ಲಿ ಬಿಗಿದ ತುದಿಯ ಕಡೆಯದು ಹಿಗ್ಗುತ್ತದೆ, ತಟ್ಟೆಯ ಕಡೆಯದು ಕುಗ್ಗುತ್ತದೆ. ಕೆಳಗೆ ಇದಕ್ಕೆ ಉಲ್ಟಾ. ಪೊಟ್ಟಣ ಆಚೆ ಜರುಗಿದರೆ ಬರುವ ಹೆಚ್ಚಿನ ತಿರುಚುವಿಕೆ ಮೇಲಿನ ಎರಡನ್ನೂ ಸಮನಾಗಿ ಹಿಗ್ಗಿಸುತ್ತದೆ, ಕೆಳಗಿನ ಎರಡನ್ನೂ ಸಮನಾಗಿ ಕುಗ್ಗಿಸುತ್ತದೆ. ಈಗ ಮೇಲಿನ ಜೋಡಿಯನ್ನು ಒಂದು ಸರಪಳಿಗೆ, ಕೆಳಗಿನ ಜೋಡಿಯನ್ನು ಇನ್ನೊಂದಕ್ಕೆ ಹಾಕಿ ನೋಡಿ. ಸಾದಾ ಪಟ್ಟಿಯಲ್ಲಿ ತಪ್ಪಾಗಿದ್ದ ಜೋಡಣೆಯೇ ಇಲ್ಲಿ ಸರಿಯಾದದ್ದು: ಭಾರ ಮಾತ್ರ ಲೆಕ್ಕಕ್ಕೆ ಬರುತ್ತದೆ, ಜಾಗ ಬದಲಾದದ್ದು ಸೊನ್ನೆಯಾಗುತ್ತದೆ. ಉಳಿದ ಚೂರುಪಾರು ತಪ್ಪನ್ನು ಆ ತೆಳು ಜಾಗಗಳನ್ನು ಅರದಿಂದ ಒಂದಿಷ್ಟು ಉಜ್ಜಿ ಸರಿಪಡಿಸುವುದುಂಟು. ನನ್ನ ಕಣ್ಣಿಗೆ ಇಡೀ ಯಂತ್ರದ ಜಾಣತನ ಇರುವುದು ಈ ತೂತಿನಲ್ಲೇ.

ಕೆಡುವುದು ಹೇಗೆ? ಮೂಟೆಯನ್ನು ಧೊಪ್ಪೆಂದು ಎಸೆದರೆ ಪಟ್ಟಿ ಪೂರ್ತಿ ಹಿಂದಕ್ಕೆ ಬರದೆ ಬಾಗಿಯೇ ಉಳಿದೀತು, ಖಾಲಿ ತಟ್ಟೆಯೂ ತೂಕ ತೋರಿಸೀತು. ಅದನ್ನು ತಡೆಯಲು ಪಟ್ಟಿಯ ತುದಿಯ ಕೆಳಗೆ ಕೂದಲೆಳೆಯ ಅಂತರ ಬಿಟ್ಟು ಒಂದು ತಡೆ ಬೋಲ್ಟ್ ಇಟ್ಟಿರುತ್ತಾರೆ. ಆ ಅಂತರದಲ್ಲಿ ಹಿಟ್ಟು, ಧೂಳು ತುಂಬಿಕೊಂಡರೆ ಭಾರದ ಒಂದು ಪಾಲು ಬೋಲ್ಟಿನ ಮೂಲಕ ನೇರ ತಳಕ್ಕೆ ಇಳಿದುಹೋಗುತ್ತದೆ. ಆಗ ಒಂದು ಕೆ.ಜಿ. ಬಟ್ಟು ಸರಿಯಾಗಿಯೇ ತೂಗುತ್ತದೆ, ಐದರ ಬಟ್ಟು ನಾಲ್ಕು ಚಿಲ್ಲರೆ ತೋರಿಸುತ್ತದೆ. ಚಿಕ್ಕ ತೂಕ ಸರಿ, ದೊಡ್ಡದು ಕಡಿಮೆ ಎಂದಾದರೆ ಹೊಸ ಲೋಡ್ ಸೆಲ್‌ಗೆ ದುಡ್ಡು ಕೊಡುವ ಮುಂಚೆ ಬೋಲ್ಟಿನ ಮೇಲೆ ಒಮ್ಮೆ ಬ್ರಷ್ ಆಡಿಸಿ ನೋಡಬೇಕು.