ಐರ್ಲೆಂಡಿನ ಕಿರುರಾಜನ ಹತ್ತಿರ ಮೊದಲ ಪಾಠ

ಕ್ರುಸೇಡರ್ ಕಿಂಗ್ಸ್ 3 ಎಂಬ ಕಂಪ್ಯೂಟರ್ ಆಟವನ್ನು ಮೊದಲ ಸಲ ತೆರೆದಾಗ ನನಗೆ ಬಂದ ಯೋಚನೆ ಒಂದೇ: ಇದನ್ನು ಮುಚ್ಚಿ ಚದುರಂಗ ಆಡೋಣ. ಆಗ ಐಸ್‌ಲೆಂಡಿನಿಂದ ಬಂಗಾಳದವರೆಗೆ ಚಾಚಿದ್ದ ನಕ್ಷೆ, ಅದರ ತುಂಬ ರಾಜರು, ಒಬ್ಬೊಬ್ಬರಿಗೂ ಹೆಂಡತಿ, ಮಕ್ಕಳು, ದಾಯಾದಿಗಳು, ಹಳೇ ಜಗಳಗಳು. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2020ರಲ್ಲಿ ತಂದ ಈ ಆಟ 'ಗ್ರ್ಯಾಂಡ್ ಸ್ಟ್ರಾಟಜಿ' ಎಂಬ ಜಾತಿಗೆ ಸೇರಿದ್ದು. ಒಂದು ಕದನ ಗೆದ್ದರೆ ಇಲ್ಲಿ ಆಟ ಮುಗಿಯುವುದಿಲ್ಲ. ವಂಶವೊಂದನ್ನು ತಲೆಮಾರುಗಟ್ಟಲೆ ಉಳಿಸಿಕೊಳ್ಳಬೇಕು.

ಕಲಿಯಲು ಬಂದವರನ್ನು ಆಟ ಐರ್ಲೆಂಡಿಗೆ ಕರೆದೊಯ್ಯುತ್ತದೆ. ವರ್ಷ 1066. ನೀವು ದ್ವೀಪದ ದಕ್ಷಿಣದ ಮನ್ಸ್ಟರ್‌ನ ಕಿರುರಾಜ ಮುರ್ಚಾದ್. ಸುತ್ತ ಇರುವವರೂ ನಿಮ್ಮಷ್ಟೇ ಸಣ್ಣವರು. ದೊಡ್ಡ ರಾಜ್ಯಗಳು ಸಮುದ್ರದಾಚೆ ಇರುವುದರಿಂದ ಎಡವಿದರೂ ಒಮ್ಮೆಲೇ ಸರ್ವನಾಶವಿಲ್ಲ. ಆಟಗಾರರು ಈ ದ್ವೀಪವನ್ನು 'ಟ್ಯುಟೋರಿಯಲ್ ದ್ವೀಪ' ಎಂದೇ ಕರೆಯುತ್ತಾರೆ.

ಪಾಠ ಶುರುವಾಗುವುದು ಸೈನ್ಯದಿಂದಲ್ಲ, ಮನುಷ್ಯರಿಂದ. ಈತ ನೀವು, ಇದು ನಿಮ್ಮ ಕುಟುಂಬ, ಇವರು ನಿಮ್ಮ ಮಂತ್ರಿಗಳು. ಮದುವೆಯಿಂದ ಏನು ಸಿಗುತ್ತದೆ ಎಂಬುದು ಅರ್ಥವಾದ ಮೇಲೆಯೇ ಯುದ್ಧದ ಮಾತು. ಅದಕ್ಕೂ ಒಂದು ನೆಪ ಬೇಕು. ಆಸ್ಥಾನದ ಬಿಷಪ್‌ನನ್ನು ಪಕ್ಕದ ಕೌಂಟಿಗೆ ಕಳಿಸಿದರೆ ಆತ ಕಾಲಾನಂತರದಲ್ಲಿ ಅದು ನಮ್ಮದೇ ಎನ್ನುವ ಸುಳ್ಳು ದಾಖಲೆ ಹುಟ್ಟಿಸುತ್ತಾನೆ. ದಾಖಲೆಗೆ ಹಣ ಕೊಟ್ಟ ಮೇಲೆ ಯುದ್ಧ ಸಾರಬಹುದು. ನಮ್ಮ ಕಡೆಯ ಜಮೀನು ವ್ಯಾಜ್ಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟನ್ನೂ ಸಹ್ಯವಾಗಿಸುವುದು ಮೌಸ್ ಇಟ್ಟರೆ ತೆರೆದುಕೊಳ್ಳುವ ಪುಟ್ಟ ವಿವರಣೆಗಳು. ಬೇರೆ ಬಣ್ಣದಲ್ಲಿ ಕಾಣುವ ಪದದ ಮೇಲೆ ಮೌಸ್ ನಿಲ್ಲಿಸಿದರೆ ಅರ್ಥ ಬರುತ್ತದೆ. ಆ ಅರ್ಥದೊಳಗೆ ಗೊತ್ತಿಲ್ಲದ ಇನ್ನೊಂದು ಪದವಿದ್ದರೆ ಅದರ ಮೇಲೂ ನಿಲ್ಲಿಸಬಹುದು. ಈರುಳ್ಳಿ ಸುಲಿದಂತೆ ನಿಮಗೆ ಸಾಕೆನಿಸುವಷ್ಟು ಆಳಕ್ಕೆ ಹೋಗಿ ವಾಪಸು ಬನ್ನಿ. ಸ್ಪೇಸ್‌ಬಾರ್ ಒತ್ತಿದರೆ ಕಾಲವೇ ನಿಲ್ಲುತ್ತದೆ, ಯಾರೂ ಅವಸರಪಡಿಸುವುದಿಲ್ಲ. ಕೊರತೆಯೆಂದರೆ ವಿವರಣೆ ಕನ್ನಡದಲ್ಲಿಲ್ಲ, ಇಂಗ್ಲಿಷ್ ಓದಲೇಬೇಕು.

ಹೊಸಬರ ಮೊದಲ ಎಡವಟ್ಟು ಯುದ್ಧ ಗೆದ್ದ ಮೇಲಿನದು. ಕರೆದ ಸೈನ್ಯವನ್ನು ಮನೆಗೆ ಕಳಿಸಲು ಮರೆಯುತ್ತಾರೆ, ನಿಂತ ಸೈನ್ಯ ತಿಂಗಳು ತಿಂಗಳೂ ಬೊಕ್ಕಸ ತಿನ್ನುತ್ತದೆ. ಪರದೆಯ ಮೇಲ್ಭಾಗದಲ್ಲಿ ತಿಂಗಳ ಆದಾಯ ಕೆಂಪಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಇದು ಸಣ್ಣ ತಪ್ಪು. ನನ್ನನ್ನು ಮಕಾಡೆ ಮಲಗಿಸಿದ್ದು ಸಾವು. ಮುರ್ಚಾದನಾಗಿ ಪೂರ್ವಕ್ಕೆ ನುಗ್ಗಿ ಲೈನ್‌ಸ್ಟರ್ ಪ್ರಾಂತ್ಯದ ಅರ್ಧಕ್ಕಿಂತ ಹೆಚ್ಚನ್ನು ಹಿಡಿದಿದ್ದೆ. ರಾಜ ತೀರಿಕೊಂಡ, ನಾನು ಆತನ ಹಿರಿಮಗನಾದೆ. ಈ ಆಟದಲ್ಲಿ ಹಾಗೇ, ವಾರಸುದಾರನಾಗಿ ಮುಂದುವರಿಯಬೇಕು. ಕಣ್ಣುಬಿಟ್ಟು ನೋಡಿದರೆ ಲೈನ್‌ಸ್ಟರ್ ನನ್ನದಲ್ಲ, ತಮ್ಮ ಅಲ್ಲಿ ಸ್ವತಂತ್ರ ದೊರೆಯಾಗಿ ಕೂತಿದ್ದಾನೆ!

ಇದು ಮೋಸವಲ್ಲ, ಕಾನೂನು. ಆ ಕಾಲದ ಹೆಚ್ಚಿನ ದೊರೆಗಳಿಗೆ ಆಟದಲ್ಲಿರುವುದು ಗಂಡುಮಕ್ಕಳಿಗೆ ಆಸ್ತಿ ಪಾಲು ಮಾಡುವ ಪದ್ಧತಿ. ಅದರಲ್ಲೊಂದು ಉಪಾಯವಿದೆ: ನಿಮ್ಮ ದರ್ಜೆಯದೇ ಎರಡನೇ ಪಟ್ಟ ಸೃಷ್ಟಿಸುವಷ್ಟು ನೆಲ ನಿಮ್ಮಲ್ಲಿದ್ದರೆ, ನೀವು ಸೃಷ್ಟಿಸದಿದ್ದರೂ ಸತ್ತಾಗ ಆಟವೇ ಅದನ್ನು ಸೃಷ್ಟಿಸಿ ಎರಡನೆಯವನಿಗೆ ಕೊಡುತ್ತದೆ. ಅಣ್ಣನದೂ ತಮ್ಮನದೂ ಒಂದೇ ದರ್ಜೆ, ಹಾಗಾಗಿ ಯಾರೂ ಯಾರ ಕೈಕೆಳಗಲ್ಲ.

ಪರಿಹಾರ ಮೇಲಿನ ದರ್ಜೆಯಲ್ಲಿದೆ. ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಕೌಂಟಿ ಹಿಡಿದು, ಹಣ ಕೂಡಿಟ್ಟು, ಬದುಕಿರುವಾಗಲೇ ಇಡೀ ಐರ್ಲೆಂಡಿನ ರಾಜಪಟ್ಟ ಕಟ್ಟಿಕೊಳ್ಳಬೇಕು. ಆಗ ತಮ್ಮನಿಗೆ ಲೈನ್‌ಸ್ಟರ್ ಹೋದರೂ ಆತ ರಾಜನಾದ ಅಣ್ಣನ ಸಾಮಂತ. ಅದು ಆಗದಿದ್ದರೆ ಎರಡನೇ ಪ್ರಾಂತ್ಯವನ್ನು ಅರ್ಧ ದಾಟಿಸದೆ ಕಾಯುವುದೇ ಮೇಲು. ರಾಜ್ಯದ ಪುಟದಲ್ಲಿ ಉತ್ತರಾಧಿಕಾರದ ಟ್ಯಾಬ್ ತೆರೆದರೆ, ಇವತ್ತೇ ಸತ್ತರೆ ಯಾರಿಗೆ ಏನು ಹೋಗುತ್ತದೆಂಬುದು ಮೊದಲೇ ಕಾಣುತ್ತದೆ. ಹೊಸ ನೆಲ ಬಂದಾಗಲೆಲ್ಲ ಅದನ್ನೊಮ್ಮೆ ನೋಡುವ ಅಭ್ಯಾಸ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ.

ಕನ್ನಡಿಗರಿಗೆ ಅದೇ 1066ರ ನಕ್ಷೆಯಲ್ಲಿ ಕಲ್ಯಾಣದ ಚಾಲುಕ್ಯರೂ ಕಾಣುತ್ತಾರೆ. ಮೊದಲ ದಿನವೇ ಅಲ್ಲಿಗೆ ಓಡಬೇಡಿ, ಸಾಮಂತರ ಪದರವೇ ತುಂಬ ದಪ್ಪ. ನಿಜ ಚರಿತ್ರೆಯಲ್ಲಿ ಒಂದನೇ ಸೋಮೇಶ್ವರನಿಗೆ ಆಗ ಉಳಿದಿದ್ದದ್ದು ಎರಡೇ ವರ್ಷ, 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ. ಪಟ್ಟ ಹಿರಿಮಗನಿಗೆ ಹೋಯಿತು. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅಣ್ಣನನ್ನು ಇಳಿಸಿ ತಾನು ಕೂತ.